ಕಂತು ಕಂತಾಗಿ ಬರೆದ ಕಾದಂಬರಿ ಪುಸ್ತಕವಾಗುವಾಗ



ನಾನು ಸಾಹಿತಿಯಲ್ಲ, ಭಾಷಣಕಾರನೂ ಅಲ್ಲ. ಚಾಮರಾಜಪೇಟೆಯ ಒಂದು ಓಣಿಯಲ್ಲಿ ಅಪ್ಪ ಬಿಟ್ಟು ಹೋದ ಪ್ರೆಸ್ಸು ನಡೆಸಿಕೊಂಡು ಬಂದವನು. ಓದಿದ್ದು ಪಿಯುಸಿ. ಮೊಳೆ ಜೋಡಿಸುವ ಕಾಲದ ಕೊನೆಯನ್ನೂ ನೋಡಿದ್ದೇನೆ, ಮೊಬೈಲಿನಲ್ಲೇ ಕಾದಂಬರಿ ಬರೆಯುವ ಹುಡುಗ ಹುಡುಗಿಯರನ್ನೂ ನೋಡುತ್ತಿದ್ದೇನೆ. ಇಲ್ಲಿ ಕುಳಿತಿರುವ ನಿಮ್ಮಲ್ಲೇ ನಾಲ್ಕೈದು ಜನ ವಾರಕ್ಕೊಂದು ಕಂತು ಹಾಕುತ್ತಿದ್ದೀರಿ ಎಂದು ಕೇಳಿದೆ. ಮುಂದೊಂದು ದಿನ ಅದನ್ನು ಪುಸ್ತಕ ಮಾಡಿಸಲು ನನ್ನಂಥವನ ಬಾಗಿಲಿಗೆ ನೀವು ಬರುತ್ತೀರಿ. ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

2018ರಲ್ಲಿ ಒಬ್ಬ ಹುಡುಗ ಪೆನ್ ಡ್ರೈವ್ ಹಿಡಿದು ಬಂದ. ಓದುವ ಆ್ಯಪ್ ಒಂದರಲ್ಲಿ ಅವನ ಕಾದಂಬರಿ 72 ಕಂತು ಬಂದಿತ್ತು. ಓದಿದವರ ಲೆಕ್ಕ ಲಕ್ಷ ದಾಟಿತ್ತು. "ಅಣ್ಣಾ, ಒಂದು ಸಾವಿರ ಪ್ರತಿ ಹಾಕಿಬಿಡಿ, ಲಕ್ಷ ಜನರಲ್ಲಿ ನೂರಕ್ಕೊಬ್ಬರು ಕೊಂಡರೂ ಖಾಲಿ" ಎಂದ. ಲೆಕ್ಕ ನನಗೂ ಸರಿ ಎನಿಸಿತು. ಅವನು ಕೊಟ್ಟದ್ದನ್ನು ಕೊಟ್ಟ ಹಾಗೇ ಜೋಡಿಸಿ, 436 ಪುಟದ ದಪ್ಪ ಪುಸ್ತಕ ಮಾಡಿ ಕೊಟ್ಟೆ. ಅವನ ತಾಯಿ ಚೀಟಿ ಎತ್ತಿದ ಹಣ ಅದು. ವರ್ಷ ಕಳೆದರೂ ಹೋದದ್ದು 180 ಪ್ರತಿ. ಉಳಿದ ಕಟ್ಟುಗಳು ಅವರ ಮನೆಯ ಮಂಚದ ಕೆಳಗೆ ಕೂತವು.

ಕಥೆ ಕೆಟ್ಟದಾಗಿತ್ತೇ? ಇಲ್ಲ. ಒಂದು ಭಾನುವಾರ ಕುಳಿತು ನಾನೇ ಓದಿದೆ. ಆಗ ಗೊತ್ತಾಯಿತು, ನಾನು ಅಚ್ಚು ಹಾಕಿದ್ದು ಪುಸ್ತಕವನ್ನಲ್ಲ, 72 ವಾರಗಳನ್ನು ಹೊಲಿದು ಕೊಟ್ಟಿದ್ದೆ.

ನಮ್ಮ ಅಮ್ಮ 'ಸುಧಾ'ದಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ಕಿತ್ತು, ಕೂಡಿಟ್ಟು, ನಮ್ಮ ಪ್ರೆಸ್ಸಿನಲ್ಲೇ ಬೈಂಡ್ ಮಾಡಿಸುತ್ತಿದ್ದಳು. ನಿಮ್ಮ ಅಜ್ಜಿಯರ ಮನೆಯಲ್ಲೂ ಅಂಥ ಕಟ್ಟುಗಳು ಇದ್ದಿರಬಹುದು. ಪ್ರತಿ ಭಾಗದ ಕೊನೆಗೆ 'ಮುಂದುವರಿಯುವುದು' ಎಂದು ಇರುತ್ತಿತ್ತು. ಅಮ್ಮನಿಗೆ ಅದು ತೊಂದರೆಯಾಗಲಿಲ್ಲ, ಏಕೆಂದರೆ ಅವಳು ಆ ವಾರಗಳನ್ನು ಕಾದು ಓದಿದವಳು. ಆದರೆ ಅದೇ ಕಾದಂಬರಿ ಪ್ರಕಾಶಕರ ಕೈಗೆ ಹೋಗಿ ಪುಸ್ತಕವಾಗಿ ಬಂದಾಗ ಆ ಸಾಲು ಇರುತ್ತಿರಲಿಲ್ಲ. ನಡುವೆ ಒಬ್ಬ ಸಂಪಾದಕ, ಒಬ್ಬ ಕರಡು ತಿದ್ದುವವ ಕುಳಿತು ಕೆಲಸ ಮಾಡಿರುತ್ತಿದ್ದರು. ಇವತ್ತು ಆ್ಯಪಿನಿಂದ ನೇರ ಪ್ರೆಸ್ಸಿಗೆ ಬರುವವರಿಗೆ ಆ ಇಬ್ಬರೂ ಇಲ್ಲ. ಬರೆದವನೇ ಆ ಇಬ್ಬರೂ ಆಗಬೇಕು.

ಕಂತು ಹೇಗೆ ಕಟ್ಟಲ್ಪಡುತ್ತದೆ ನೋಡಿ. ನಮ್ಮ ಬೆಂಗಳೂರಿನಲ್ಲೇ 2014ರಲ್ಲಿ ಹುಟ್ಟಿದ ಪ್ರತಿಲಿಪಿಯಂಥ ಕಡೆ ಓದುವವರು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಮಲಗುವ ಮುಂಚೆ ಓದುತ್ತಾರೆ. ಕಂತು ಸಾವಿರ, ಸಾವಿರದಿನ್ನೂರು ಪದ. ಹೋದ ವಾರದ್ದು ಮರೆತಿರುತ್ತಾರೆಂದು ಮೊದಲ ನಾಲ್ಕು ಸಾಲು ಹಿಂದಿನ ಕಥೆ. ಮುಂದಿನ ವಾರ ಬರಲೆಂದು ಕೊನೆಯಲ್ಲೊಂದು ಕೊಕ್ಕೆ. ಆಮೇಲೆ "ನಿಮ್ಮ ಅಭಿಪ್ರಾಯ ತಿಳಿಸಿ" ಎಂಬ ಬಿನ್ನಹ. ಫೋನಿನ ಸಣ್ಣ ಪರದೆಗೆಂದು ಒಂದೊಂದು ವಾಕ್ಯಕ್ಕೂ ಒಂದು ಪ್ಯಾರಾ, ನಡುವೆ ಖಾಲಿ ಸಾಲು, ಮಾತಿನ ಕೊನೆಗೆ ಎಂಟು ಹತ್ತು ಚುಕ್ಕಿ. ಅಲ್ಲಿ ಇದೆಲ್ಲ ಬೇಕು, ತಪ್ಪಲ್ಲ. ಪುಸ್ತಕದಲ್ಲಿ ಇದೇ ವಿಷ. ಆ ಹುಡುಗನ 436 ಪುಟದಲ್ಲಿ ಎಂಬತ್ತು ಪುಟದಷ್ಟು ಬರೀ ಖಾಲಿ ಸಾಲುಗಳಿದ್ದವು. ಓದುಗ ಖಾಲಿ ಕಾಗದಕ್ಕೆ ದುಡ್ಡು ಕೊಡಬೇಕಾಯಿತು.

ಈಗ ಎರಡನೆಯ ಕಥೆ. 2022ರಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಗಾರ್ಮೆಂಟ್ಸ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಅವಳದು 60 ಕಂತು, ಒಟ್ಟು ಸುಮಾರು 66,000 ಪದ. ಅವಳೂ ಹೇಳಿದ್ದು ಅದೇ, "ಸಾರ್, ಹೀಗೇ ಹಾಕಿಬಿಡಿ." ಈ ಸಲ ನಾನು ಒಪ್ಪಲಿಲ್ಲ. "ನೋಡಮ್ಮಾ, ಮೊದಲು ನಿನ್ನ ಕಥೆಯ ಪಟ್ಟಿ ಬರೆದುಕೊಂಡು ಬಾ. ಅಚ್ಚು ಆಮೇಲೆ" ಎಂದೆ. ಬಂದ ಗಿರಾಕಿಯನ್ನು ವಾಪಸ್ ಕಳಿಸಿದೆನೆಂದು ನನ್ನ ಹೆಂಡತಿ ಬೈದಳು, ಅದು ಬೇರೆ ಮಾತು.

ಪಟ್ಟಿ ಎಂದರೆ ಏನು? ಒಂದು ಉದ್ದ ನೋಟ್‌ಬುಕ್ಕು. ಒಂದೊಂದು ಕಂತಿಗೂ ಒಂದು ಸಾಲು. ಆ ಕಂತಿನಲ್ಲಿ ಯಾರು ಬಂದರು, ಯಾವ ದಿನ ನಡೆಯಿತು, ಕಥೆ ಎಲ್ಲಿಂದ ಎಲ್ಲಿಗೆ ಸರಿಯಿತು. ಇಷ್ಟೇ. ಆದರೆ 60 ಸಾಲು ಒಂದೇ ಕಡೆ ಕಂಡಾಗ, ಹದಿನಾಲ್ಕು ತಿಂಗಳು ವಾರವಾರ ಬರೆದವಳಿಗೇ ಕಾಣದಿದ್ದದ್ದು ಕಂಡಿತು. 9ನೇ ಕಂತಿನಲ್ಲಿ ನಾಯಕಿಯ ತಂದೆ ತೀರಿಕೊಂಡು ಮೂರು ವರ್ಷ. 41ರಲ್ಲಿ ಆರು ವರ್ಷ. ಕಥೆಯಲ್ಲಿ ಕಳೆದದ್ದು ಮಾತ್ರ ನಾಲ್ಕು ತಿಂಗಳು! ಅತ್ತೆಯ ಹೆಸರು ಮೊದಲು ಶಾರದಮ್ಮ, ಆಮೇಲೆ ಶಾಂತಮ್ಮ. ಇದನ್ನು ಓದುಗರು ಆಗಲೇ ಕಮೆಂಟಿನಲ್ಲಿ ಹೇಳಿದ್ದರು, ಅವಳು ನಗುವ ಗೊಂಬೆ ಒತ್ತಿ ಮುಂದೆ ಹೋಗಿದ್ದಳು. ಆದ್ದರಿಂದ ಗೆಳೆಯರೇ, ಕಂತುಗಳನ್ನು ಆ್ಯಪಿನಿಂದ ತೆಗೆಯುವ ಮೊದಲು ಕಮೆಂಟುಗಳನ್ನು ನಕಲು ಮಾಡಿಕೊಳ್ಳಿ. ಪುಕ್ಕಟೆ ಕರಡು ತಿದ್ದಿದ್ದಾರೆ ಆ ಜನ. ಕಂತು ತೆಗೆದರೆ ಅವೂ ಹೋಗುತ್ತವೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಕಂಡಿತು. 33ರಿಂದ 39ರವರೆಗೆ ಏಳು ಕಂತು ಒಂದು ಅಪಹರಣದ ಪ್ರಸಂಗ. ಆ ಏಳನ್ನೂ ಕೈಯಿಂದ ಮುಚ್ಚಿ ಓದಿದರೆ ಕಥೆಗೆ ಏನೂ ಆಗುತ್ತಿರಲಿಲ್ಲ. ಏಕೆ ಬರೆದೆ ಎಂದು ಕೇಳಿದೆ. "ಆ ತಿಂಗಳು ಓದುವವರು ಕಡಿಮೆಯಾದರು ಸಾರ್, ಏನಾದರೂ ನಡೆಯಬೇಕಿತ್ತು" ಎಂದಳು. ವಾರದ ಒತ್ತಡಕ್ಕೆ ಬರೆದದ್ದು. ಅದನ್ನು ತೆಗೆಯುವಾಗ ಅವಳಿಗೆ ಕಣ್ಣಲ್ಲಿ ನೀರು ಬಂತು. ಆ ಕಂತುಗಳಿಗೇ ಅತಿ ಹೆಚ್ಚು ಕಮೆಂಟು ಬಂದಿದ್ದವು.

ಕೊಕ್ಕೆಗಳದೇ ದೊಡ್ಡ ಕೆಲಸ. 17ನೇ ಕಂತಿನ ಕೊನೆಯಲ್ಲಿ ರಾತ್ರಿ ಬಾಗಿಲು ಬಡಿಯುತ್ತದೆ, ನಾಯಕಿ ನಡುಗುತ್ತಾಳೆ. 18ರಲ್ಲಿ ಬಾಗಿಲು ತೆರೆದರೆ ಪಕ್ಕದ ಮನೆಯವರು ಹೆಪ್ಪು ಕೇಳಲು ಬಂದಿದ್ದಾರೆ! ಆ್ಯಪಿನ ಓದುಗರು ಏಳು ದಿನ ಆ ನಡುಕವನ್ನು ಹೊತ್ತು ತಿರುಗಿದ್ದರು, ಆಮೇಲೆ ನಕ್ಕು ಕ್ಷಮಿಸಿದರು. ಪುಸ್ತಕದ ಓದುಗ ಪುಟ ಮಗುಚಿದ ಅರ್ಧ ನಿಮಿಷದಲ್ಲಿ ಮೋಸ ಹಿಡಿಯುತ್ತಾನೆ. ಒಂದು ಸಲವಾದರೆ ಸರಿ. ಹತ್ತು ಸಲವಾದರೆ ಹನ್ನೊಂದನೆಯದನ್ನು, ನಿಜವಾಗಿ ಗಂಡಾಂತರ ಬಂದದ್ದನ್ನು, ಅವನು ನಂಬುವುದೇ ಇಲ್ಲ. ನಾವು ಒಂದೊಂದು ಕೊಕ್ಕೆಯನ್ನೂ ಹಿಡಿದು ಕೇಳಿದೆವು: ಬಾಗಿಲ ಆಚೆ ನಿಜವಾಗಿ ಏನಾದರೂ ಇದೆಯೇ? ಇದ್ದರೆ ಅಲ್ಲಿ ಅಧ್ಯಾಯ ಮುಗಿಯಲಿ. ಇಲ್ಲದಿದ್ದರೆ ಬಡಿತವೇ ಬೇಡ. ಹಾಗೆ ಉಳಿದ 53 ಕಂತುಗಳು ಕೂಡಿ ಕೂಡಿ 22 ಅಧ್ಯಾಯಗಳಾದವು. ಕಂತಿನ ಗಡಿಯೇ ಅಧ್ಯಾಯದ ಗಡಿ ಎಂದು ಯಾರು ಹೇಳಿದರು? ಕೆಲವು ಅಧ್ಯಾಯಕ್ಕೆ ನಾಲ್ಕು ಕಂತು ಸೇರಿದವು, ಒಂದು ಕಂತು ಮಾತ್ರ ಒಡೆದು ಎರಡಾಯಿತು.

ಇದಕ್ಕೆಲ್ಲ ಐದು ತಿಂಗಳು ಹಿಡಿಯಿತು. 66,000 ಪದ 46,000 ಚಿಲ್ಲರೆಗೆ ಇಳಿಯಿತು. ಪ್ರತಿ ಕಂತಿನ ತಲೆಯ ಮರುಕಥೆ, ಬುಡದ ಬಿನ್ನಹ ಸೇರಿಯೇ 5,000 ಪದ ಹೋಯಿತು. ಅಪಹರಣ 7,000. ಮಿಕ್ಕದ್ದು ಸುಳ್ಳು ಕೊಕ್ಕೆಗಳು, ಮತ್ತೆ ಮತ್ತೆ ಬಂದ ವರ್ಣನೆಗಳು. ನಾಯಕನ ಕಣ್ಣುಗಳ ವರ್ಣನೆ ಹನ್ನೊಂದು ಕಡೆ ಇತ್ತು, ಎರಡು ಉಳಿಸಿದೆವು.

ಇನ್ನು ನನ್ನ ಲೆಕ್ಕ. ನಾವು ಸಾಮಾನ್ಯವಾಗಿ ಕಾದಂಬರಿ ಹಾಕುವುದು ಡೆಮಿ 1/8 ಅಳತೆಯಲ್ಲಿ. ಸಂಭಾಷಣೆ ಹೆಚ್ಚಿರುವ ಕಾದಂಬರಿಯಾದರೆ ಓದಲು ಹಿತವಾದ ಅಕ್ಷರದಲ್ಲಿ ಪುಟಕ್ಕೆ ಸುಮಾರು 200 ಪದ ಕೂರುತ್ತದೆ. ಹೀಗೆ 232 ಪುಟ ಕಥೆ, ಮುಂದಿನ ಶೀರ್ಷಿಕೆ, ಅರ್ಪಣೆ, ಮುನ್ನುಡಿಗೆ 8 ಪುಟ, ಒಟ್ಟು 240. ಈ 240 ಆಕಸ್ಮಿಕವಲ್ಲ. ಅಚ್ಚಿನಲ್ಲಿ ನಾವು 16 ಪುಟಕ್ಕೆ ಒಂದು ಫಾರಂ ಎನ್ನುತ್ತೇವೆ. 240 ಎಂದರೆ ಸರಿಯಾಗಿ 15 ಫಾರಂ. 243 ಆಗಿದ್ದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಅಥವಾ ಪ್ರತ್ಯೇಕ ಹಾಳೆ ಅಂಟಿಸುವ ರಗಳೆ. ಆದ್ದರಿಂದ ಕೊನೆಯ ತಿದ್ದುಪಡಿಯಲ್ಲಿ ಅವಳಿಗೆ "ಅಮ್ಮಾ, ಇನ್ನು ಮೂರು ಪುಟ ಕಡಿಮೆ ಮಾಡು" ಎಂದೆ. ಮಾಡಿದಳು. ಮೊದಲಿದ್ದಂತೆಯೇ ಹಾಕಿದ್ದರೆ 22 ಫಾರಂ ಆಗುತ್ತಿತ್ತು. ಏಳು ಫಾರಮ್ಮಿನ ಕಾಗದ, ಪ್ಲೇಟು, ಮಡಿಕೆ ಉಳಿಯಿತು. ಪುಸ್ತಕದ ಬೆಲೆಯೂ ಆ ಲೆಕ್ಕಕ್ಕೆ ಇಳಿಯಿತು.

ಈಗ ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸಂಕಟ. ನೀವು ಫೋನಿನಲ್ಲಿ ಬರೆಯುವುದು ಯೂನಿಕೋಡ್ ಕನ್ನಡ. ನಮ್ಮ ಎಷ್ಟೋ ಪ್ರೆಸ್ಸುಗಳಲ್ಲಿ, ನನ್ನಲ್ಲೂ ಮೊನ್ನೆಮೊನ್ನೆಯವರೆಗೆ, ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೆಯ ಅಕ್ಷರಗಳಲ್ಲಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯದು. ಹಾಗಾಗಿ ಪರಿವರ್ತಿಸಬೇಕು, ಪರಿವರ್ತಿಸುವಾಗ ಎಡವಟ್ಟು. ಹಳೆಯ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ. ನೀವು ಕಥೆಯ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಓಕೆ' ಎಂದು ಎರಡಕ್ಷರ ಒತ್ತಿದ್ದರೆ ಪುಟದಲ್ಲಿ ಅದು 'ಔಏ' ಎಂದು ಬರುತ್ತದೆ. ಆ ಹುಡುಗನ ಪುಸ್ತಕದಲ್ಲಿ ನಾಯಕ ಸಿಟ್ಟಿನಿಂದ "ಔಏ" ಎಂದು ಎದ್ದು ಹೋಗಿದ್ದ! ಸಾವಿರ ಪ್ರತಿಯಲ್ಲೂ. 'ರಾಜ್‌ಕುಮಾರ್' ಎಂಬಲ್ಲಿ ಜ-ಕ ಒತ್ತಾಗದಂತೆ ತಡೆಯಲು ನಡುವೆ ಕಾಣದ ಒಂದು ಗುರುತು ಇರುತ್ತದೆ. ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ ಅಣ್ಣಾವ್ರು 'ರಾಜ್ಕುಮಾರ್' ಆಗಿಬಿಡುತ್ತಾರೆ. ಉದ್ಧರಣ ಚಿಹ್ನೆ, ಅಡ್ಡಗೆರೆ, ನಗುವ ಗೊಂಬೆ ಇವೂ ಏನೇನೋ ಆಗುತ್ತವೆ.

ಇದಕ್ಕೆ ಮದ್ದು ಎರಡು. ಪ್ರೆಸ್ಸಿನವರು ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಅಕ್ಷರದಲ್ಲೇ ಪುಟ ಕಟ್ಟುವುದಾದರೆ ಪರಿವರ್ತನೆಯೇ ಬೇಡ. ಮೊದಲು ಅದನ್ನೇ ಕೇಳಿ. "ಇಲ್ಲ, ನುಡಿಗೆ ಹಾಕಬೇಕು" ಎಂದರೆ, ನಿಮ್ಮ ಕಡತದಲ್ಲಿ ಇಂಗ್ಲಿಷ್ ಅಕ್ಷರ ಎಲ್ಲೆಲ್ಲಿದೆ ಎಂದು ಹುಡುಕಿ ಕನ್ನಡದಲ್ಲಿ ಬರೆಯಿರಿ. ಆಮೇಲೆ ಕರಡು ನೋಡುವಾಗ ಪರದೆಯಲ್ಲಿ ನೋಡಬೇಡಿ, ಕಾಗದದ ಮೇಲೆ ತೆಗೆಸಿ, ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ನಿಮ್ಮದೇ ಬರಹವಾದ್ದರಿಂದ ನಿಮ್ಮ ಕಣ್ಣು ಇರಬೇಕಾದದ್ದನ್ನು ಓದುತ್ತದೆ, ಇರುವುದನ್ನಲ್ಲ. ಬಾಯಿ ಮಾತ್ರ ಇರುವುದನ್ನೇ ಓದುತ್ತದೆ. ಅವಳ ಗಂಡ ಕೇಳಿಸಿಕೊಂಡು ಕೂತಿದ್ದನಂತೆ, ಅವನೇ ನಲವತ್ತು ತಪ್ಪು ಹಿಡಿದನಂತೆ.

ಹೌದು, ಒಂದು ಮರೆತೆ. ಅವಳು ಅರ್ಧಕ್ಕೂ ಹೆಚ್ಚು ಕಂತನ್ನು ನೇರವಾಗಿ ಆ್ಯಪಿನ ಒಳಗೇ ಬರೆದಿದ್ದಳು, ಬೇರೆ ಕಡೆ ಪ್ರತಿ ಇರಲಿಲ್ಲ. ಒಂದೊಂದನ್ನೇ ಎತ್ತಿ ತರಲು ಎರಡು ವಾರ ಬೇಕಾಯಿತು. ನೀವು ಇವತ್ತಿನಿಂದಲೇ ಪ್ರತಿ ಕಂತಿನ ಪ್ರತಿಯನ್ನೂ ನಿಮ್ಮದೇ ಕಡತದಲ್ಲಿ ಇಟ್ಟುಕೊಳ್ಳಿ, ದಿನಾಂಕ ಹಾಕಿ.

ಇನ್ನು ಎಷ್ಟು ಪ್ರತಿ? ಆ್ಯಪಿನ ಲೆಕ್ಕ ಕಂತಿನ ಲೆಕ್ಕ ಸ್ವಾಮಿ. ಒಬ್ಬಳೇ ತಾಯಿ 72 ಕಂತು ಓದಿದರೆ ಅಲ್ಲಿ 72 ಎಂದು ಕಾಣಬಹುದು. ಲಕ್ಷವನ್ನು 72ರಿಂದ ಭಾಗಿಸಿ ನೋಡಿ, ಸುಮಾರು 1,400. ಅವರೂ ಕಥೆಯನ್ನು ಆಗಲೇ ಓದಿ ಮುಗಿಸಿದವರು! ಕೊನೆಯ ಕಂತನ್ನು ಎಷ್ಟು ಜನ ಓದಿದರು ಎಂಬ ಒಂದು ಅಂಕಿ ಮಾತ್ರ ಸ್ವಲ್ಪ ನಂಬಿಕೆಯದು. ಅದಕ್ಕಿಂತ ನಂಬಿಕೆಯದು ಮುಂಗಡ ಕೊಟ್ಟವರ ಪಟ್ಟಿ. ಹೆಣ್ಣುಮಗಳಿಗೆ ಹೇಳಿದೆ, ಕೊನೆಯ ಕಂತಿನ ಕೆಳಗೆ ತಿಳಿಸು, ಹೆಸರು, ವಿಳಾಸ, ಹಣ ಮೂರೂ ಕಳಿಸಿದವರನ್ನು ಮಾತ್ರ ಎಣಿಸು, "ಖಂಡಿತ ಕೊಳ್ಳುತ್ತೇನೆ" ಎಂದವರನ್ನು ಎಣಿಸಬೇಡ. ಆರು ವಾರದಲ್ಲಿ 212 ಜನ. ನಾವು ಹಾಕಿದ್ದು 400. ಡಬಲ್ ಡೆಮಿ ಕಾಗದದ ಒಂದು ಹಾಳೆಯಲ್ಲಿ 32 ಪುಟ ಬರುತ್ತದೆ, 240 ಪುಟಕ್ಕೆ ಏಳೂವರೆ ಹಾಳೆ, 400 ಪ್ರತಿಗೆ 3,000 ಹಾಳೆ, ಎಂದರೆ ಆರು ರೀಮು, ಹಾಳಾಗುವುದಕ್ಕೆ ಇನ್ನರ್ಧ. ನಿಮಗೆ ಕೊಟೇಶನ್ ಕೊಟ್ಟವರನ್ನು ಈ ಲೆಕ್ಕ ಕೇಳಿ, ಹೇಳದಿದ್ದರೆ ಬೇರೆ ಪ್ರೆಸ್ಸು ನೋಡಿ. 212ರ ಬದಲು 60 ಬಂದಿದ್ದರೆ ನಾನು ಆಫ್‌ಸೆಟ್ ಹಾಕುತ್ತಲೇ ಇರಲಿಲ್ಲ. ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ನೂರಕ್ಕೆ ಹಂಚಿದರೆ ಮೈಮೇಲೆ ಬರುತ್ತದೆ. ಅಂಥ ಹೊತ್ತಿನಲ್ಲಿ ಪ್ಲೇಟಿಲ್ಲದ ಡಿಜಿಟಲ್ ಯಂತ್ರದಲ್ಲಿ ಬೇಕಾದಷ್ಟೇ ತೆಗೆಸುವುದು ಮೇಲು. ಒಂದು ಪ್ರತಿಯ ದರ ಹೆಚ್ಚು, ಆದರೆ ಮಂಚದ ಕೆಳಗೆ ಏನೂ ಸೇರುವುದಿಲ್ಲ.

ಕಾಗದದ ಮಾತಾಯಿತು, ಇನ್ನೊಂದು ಕಾಗದದ ಮಾತು. ಹಕ್ಕಿನದು. ಕಂತು ಹಾಕಿದ ಮಾತ್ರಕ್ಕೆ ನಿಮ್ಮ ಕೃತಿಸ್ವಾಮ್ಯ ಹೋಗುವುದಿಲ್ಲ. ಆದರೆ ಹಣ ಕೊಟ್ಟು ಓದುವ ವಿಭಾಗಕ್ಕೆ ಹಾಕುವಾಗ, ಬಹುಮಾನ ಕೊಡುವಾಗ ಒಂದು ಒಪ್ಪಂದಕ್ಕೆ 'ಒಪ್ಪಿದ್ದೇನೆ' ಎಂದು ಒತ್ತಿಸಿಕೊಳ್ಳಬಹುದು. ಅದರಲ್ಲಿ ಅಚ್ಚಿನ ಪುಸ್ತಕ, ಧ್ವನಿಪುಸ್ತಕ, ಅನುವಾದ, ಸಿನಿಮಾ ಇವುಗಳಲ್ಲಿ ಯಾವುದರ ಹೆಸರಿದೆ, ಎಷ್ಟು ವರ್ಷಕ್ಕೆ, 'ಬೇರೆಯವರಿಗೆ ಕೊಡುವಂತಿಲ್ಲ' ಎಂದಿದೆಯೇ, ಇಷ್ಟನ್ನು ಓದಿ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಲೆಕ್ಕ. ನಮ್ಮ ಹೆಣ್ಣುಮಗಳ ಒಪ್ಪಂದದಲ್ಲಿ ಅಚ್ಚಿನ ಹಕ್ಕು ಅವಳಲ್ಲೇ ಇತ್ತು, ಧ್ವನಿಯ ಹಕ್ಕು ಹೋಗಿತ್ತು. ಅದು ಅವಳಿಗೆ ಗೊತ್ತಾದದ್ದೇ ನಾನು ಕೇಳಿದ ಮೇಲೆ. ಅಚ್ಚಿನ ಹಕ್ಕು ಹೋಗಿರುವ ಕೃತಿಯನ್ನು ನಾನು ಮುಟ್ಟುವುದಿಲ್ಲ, ಆಮೇಲೆ ನೋಟೀಸು ಪ್ರೆಸ್ಸಿಗೂ ಬರುತ್ತದೆ.

ಐಎಸ್‌ಬಿಎನ್‌ಗೆ ಯಾರಿಗೂ ಸಾವಿರಾರು ರೂಪಾಯಿ ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಮುಖಪುಟ ಅಚ್ಚಿಗೆ ಹೋಗುವ ಮೊದಲೇ ಸಂಖ್ಯೆ ಕೈಯಲ್ಲಿರಬೇಕಾದ್ದರಿಂದ ಮುಂಚೆಯೇ ಹಾಕಿಡಿ. ಪುಸ್ತಕ ಬಂದ ಮೇಲೆ 1954ರ ಕಾಯಿದೆಯಂತೆ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಪ್ರಕಾಶಕ ನೀವೇ ಆದರೆ ಆ ಹೊಣೆಯೂ ನಿಮ್ಮದೇ.

ಆ ಹೆಣ್ಣುಮಗಳು ಆ್ಯಪಿನಲ್ಲಿ ಮೊದಲ ಹತ್ತು ಕಂತು ಮಾತ್ರ ಬಿಟ್ಟು, ಅದರ ಕೆಳಗೆ ಪುಸ್ತಕ ಸಿಗುವ ವಿಳಾಸ ಹಾಕಿದಳು. 400 ಪ್ರತಿ ಖಾಲಿಯಾಗಲು ಏಳು ತಿಂಗಳು ಹಿಡಿಯಿತು. ಮೊನ್ನೆ ಮತ್ತೆ 300 ಹಾಕಿದೆ, ಶಾಂತಮ್ಮ ಒಂದು ಕಡೆ ಇನ್ನೂ ಉಳಿದುಬಿಟ್ಟಿದ್ದಳು, ತೆಗೆದೆವು. 2018ರ ಆ ಹುಡುಗನಿಗೆ ಈಚೆಗೆ ಫೋನ್ ಮಾಡಿದ್ದೆ. ಅವನೂ ಈಗ ಉದ್ದ ನೋಟ್‌ಬುಕ್ಕಿನಲ್ಲಿ 72 ಸಾಲು ಬರೆಯುತ್ತಿದ್ದಾನೆ. 31ಕ್ಕೆ ಬಂದಿದ್ದಾನಂತೆ. ಈ ಸಲ ಪುಟ ಕಟ್ಟುವ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿದ್ದೇನೆ, ಕಾಗದದ ದುಡ್ಡು ಮಾತ್ರ ಅವನು ತರಬೇಕು.

ಕೇಳುವುದಿದ್ದರೆ ಕೇಳಿ.